ಪೇಪರಿನ ‘ಒಂದು ರೂಪಾಯಿ’ ಪೈ ಚಾರ್ಟ್ ಟೇಬಲ್ ಮಾಡಿದೆ, ಒಟ್ಟು 99 ಬರ್ತಿದೆ. ಹಾಗೇ ಬಿಡಬಹುದಾ?

ಓದುಗುಬ್ಬಿ
ಎಲ್ಲರಿಗೂ ನಮಸ್ಕಾರ. ನಾವು ಐದಾರು ಜನ ಸೇರಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. 2025-26ರ ಕೇಂದ್ರ ಬಜೆಟ್‌ನ ನೋಟ್ಸ್ ನನ್ನ ಪಾಲಿಗೆ ಬಂದಿದೆ. ಬಜೆಟ್ ಮಾರನೇ ದಿನ ಪೇಪರಿನಲ್ಲಿ ‘ಒಂದು ರೂಪಾಯಿ ಬರುವುದು ಎಲ್ಲಿಂದ’ ಅಂತ ನಾಣ್ಯದ ಚಿತ್ರ ಹಾಕುತ್ತಾರಲ್ಲ, ಅದನ್ನು ಅಂದೇ ಫೋನಿನಲ್ಲಿ ಫೋಟೊ ತೆಗೆದಿಟ್ಟಿದ್ದೆ. ಈಗ ಅದರಿಂದ ಟೇಬಲ್ ಮಾಡಿದೆ. ಪೈಸೆ ಲೆಕ್ಕದಲ್ಲಿದೆ, ಅಂದರೆ ಶೇಕಡಾವಾರೇ:

| ಮೂಲ | ಪೈಸೆ |
|---|---|
| ಸಾಲ ಮತ್ತು ಇತರ ಹೊಣೆಗಾರಿಕೆ | 24 |
| ಆದಾಯ ತೆರಿಗೆ | 22 |
| ಜಿಎಸ್‌ಟಿ ಮತ್ತು ಇತರ ತೆರಿಗೆ | 18 |
| ಕಾರ್ಪೊರೇಟ್ ತೆರಿಗೆ | 17 |
| ತೆರಿಗೆಯೇತರ ಆದಾಯ | 9 |
| ಕಸ್ಟಮ್ಸ್ ಸುಂಕ | 5 |
| ಕೇಂದ್ರ ಅಬಕಾರಿ ಸುಂಕ | 4 |

ಕೂಡಿದರೆ 99. ಮೂರು ಸಲ ಕೂಡಿದೆ. ಒಂದು ಪೈಸೆ ಎಲ್ಲಿ ಹೋಯ್ತು? ರೌಂಡ್ ಮಾಡಿದ್ದಕ್ಕೆ ಹೀಗಾಗಿದೆ ಅಂತ ಬಿಟ್ಟುಬಿಡಬಹುದಾ?

ಬಿಸಿಬಿಸಿಕಾಫಿ
ಒಂದು ಪೈಸೆ ಎಲ್ಲಿ ಹೋಯ್ತು ಅಂತ ಕೇಳ್ತೀರಲ್ಲ, ಬಜೆಟ್ಟಿನಲ್ಲಿ 😄

ಲೆಕ್ಕದಮೇಷ್ಟ್ರು
ಬಿಡಬಹುದಮ್ಮ. ಎಲ್ಲವನ್ನೂ ಪೂರ್ಣಾಂಕಕ್ಕೆ ತಂದಾಗ 99, 101 ಬರುವುದು ಸಹಜ. ಮೂವರು ಅಣ್ಣತಮ್ಮಂದಿರಿಗೆ ಆಸ್ತಿ ಸಮಪಾಲು ಮಾಡಿ ನೋಡಿ. ತಲೆಗೆ 33 ಅಂತ ಬರೆದರೆ ಒಟ್ಟು 99. ಅದರರ್ಥ ಯಾರೋ ಜಮೀನು ನುಂಗಿದರು ಅಂತಲ್ಲ. ಕೆಳಗೆ ‘ಪೂರ್ಣಾಂಕಕ್ಕೆ ತಂದಿರುವುದರಿಂದ ಒಟ್ಟು 100 ಆಗದಿರಬಹುದು’ ಅಂತ ಒಂದು ಸಾಲು ಬರೆದುಬಿಡಿ.

ಗೋಲಿಸೋಡ
ಎಕ್ಸೆಲ್‌ನಲ್ಲಿ ಕೂಡಿದ್ರಾ, ಕೈಯಲ್ಲಾ? ಎಕ್ಸೆಲ್ ಆದರೆ ಒಂದು ಸೆಲ್‌ನಲ್ಲಿ ‘1 ಪೈಸೆ’ ಅಂತ ಅಕ್ಷರ ಸೇರಿಸಿ ಟೈಪ್ ಮಾಡಿರಬಹುದು. ಆಗ ಅದು ಅದನ್ನು ಸಂಖ್ಯೆ ಅಂತ ತಿಳಿಯೋದಿಲ್ಲ. ಕೂಡುವಾಗ ಸುಮ್ನೆ ಬಿಟ್ಟು ಮುಂದೆ ಹೋಗುತ್ತೆ, ತಪ್ಪು ಅಂತಾನೂ ಹೇಳಲ್ಲ. ನನಗೆ ಹೀಗೆ ಒಂದು ಇಡೀ ಸಂಜೆ ಹಾಳಾಗಿದೆ. ಕೂಡುವ ಮುಂಚೆ ಎಷ್ಟು ಸಂಖ್ಯೆ ಇದೆ ಅಂತ ಎಣಿಸಿ:

```
=COUNT(B2:B9)
=SUM(B2:B9)
```

ಎಂಟು ಸಾಲು ಇದ್ದು ಮೊದಲನೆಯದು 7 ಅಂತ ತೋರಿಸಿದರೆ ಎಲ್ಲೋ ಅಕ್ಷರ ನುಸುಳಿದೆ.

ಓದುಗುಬ್ಬಿ
ಕೈಯಲ್ಲೇ ಕೂಡಿದ್ದು ಸರ್. ಇರೋದೇ ಏಳು ಸಾಲು. ಹಾಗಾದರೆ ಮೇಷ್ಟ್ರು ಹೇಳಿದ ಹಾಗೆ ಕೆಳಗೊಂದು ಸಾಲು ಬರೆದು ಮುಗಿಸ್ತೀನಿ. ಥ್ಯಾಂಕ್ಸ್!

ಅಂಕಿಅಂಶ_ಹಾಸನ
ಮುಗಿಸಬೇಡಿ, ಒಂದು ನಿಮಿಷ. ಚಿತ್ರದಲ್ಲಿ ಎಷ್ಟು ಹೋಳು ಇದೆ ಅಂತ ಎಣಿಸಿದ್ರಾ? ಅಂಕಿ ಎಷ್ಟಿದೆ ಅಂತಲ್ಲ, ಬಣ್ಣದ ಹೋಳು ಎಷ್ಟು ಅಂತ.

99 ನೋಡಿದ ಕೂಡಲೇ ರೌಂಡಿಂಗ್ ಅನ್ನೋದು ಎಲ್ಲರ ಅಭ್ಯಾಸ. ಆದರೆ 1 ಪೈಸೆಯ ಒಂದು ಇಡೀ ಹೋಳು ಬಿಟ್ಟುಹೋದರೂ 99ನೇ ಬರುತ್ತೆ. ಒಟ್ಟು ನೋಡಿ ಇವೆರಡರಲ್ಲಿ ಯಾವುದು ಅಂತ ಹೇಳೋಕೆ ಆಗಲ್ಲ. ಅದಕ್ಕೇ ನಾನು ಅಂಕಿ ಓದುವ ಮುಂಚೆ ಹೋಳು ಎಣಿಸಿ ಪೇಪರಿನ ಮೂಲೆಯಲ್ಲಿ ಬರೆದುಕೊಳ್ತೀನಿ. ಟೇಬಲ್‌ನ ಸಾಲು ಅಷ್ಟೇ ಆಗಬೇಕು. 12 ಗಂಟೆಯ ಜಾಗದಿಂದ ಶುರು ಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಹೋಗಿ, ಒಂದೊಂದು ಹೋಳಿಗೂ ಪೆನ್ಸಿಲ್ ಟಿಕ್ ಹಾಕಿ. ದೊಡ್ಡದರಿಂದ ಚಿಕ್ಕದಕ್ಕೆ ಓದಿದರೆ ಚಿಕ್ಕದು ಕೈತಪ್ಪುವುದು ಗ್ಯಾರಂಟಿ. ನಿಮ್ಮ ಟೇಬಲ್ ದೊಡ್ಡದರಿಂದ ಚಿಕ್ಕದಕ್ಕೆ ಇದೆ, ಅದಕ್ಕೇ ಅನುಮಾನ ಬಂತು.

ಓದುಗುಬ್ಬಿ
ಅಯ್ಯೋ ಅಕ್ಕ, ಎಂಟಿದೆ!! ಫೋಟೊ ದೊಡ್ಡದು ಮಾಡಿ ನೋಡಿದೆ. 9 ಮತ್ತು 24ರ ನಡುವೆ ದಾರದಂಥ ಒಂದು ಹಳದಿ ಗೆರೆ ಇದೆ. ನಾನು ಅದನ್ನು ಎರಡು ಹೋಳಿನ ನಡುವಿನ ಅಂಚು ಅಂದುಕೊಂಡಿದ್ದೆ. ಅದರ ಹೆಸರು ಪೇಪರ್ ಮಡಿಕೆಯಲ್ಲಿ ಸಿಕ್ಕಿಕೊಂಡಿದೆ. ‘ಸಾಲೇತರ ಬಂಡವಾಳ ಸ್ವೀ…’ ಅಂತ ಅರ್ಧ ಕಾಣುತ್ತೆ, ಪಕ್ಕದಲ್ಲಿ 1. ಈಗ ಸರಿಯಾಗಿ 100.

ಲೆಕ್ಕದಮೇಷ್ಟ್ರು
ಸರಿ ಸರಿ, ಸೋತೆ. ಈಗ 100 ಬಂತಲ್ಲ, ಟೇಬಲ್ ಸರಿಯಾಯಿತು ಅಂತ ಅರ್ಥ.

ಕರಾವಳಿಕಾಗೆ
ನೀವು 99ಕ್ಕೇ ಹೆದರ್ತೀರಿ ಮಾರಾಯ್ರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಬಗ್ಗೆ ಸರ್ವೆ ಮಾಡಿ ಪೈ ಚಾರ್ಟ್ ಹಾಕಿದ್ದರು. ಬೋರ್‌ವೆಲ್ 71, ನಲ್ಲಿ ನೀರು 64, ಟ್ಯಾಂಕರ್ 38. ಒಟ್ಟು 173! ಕಾರ್ಯದರ್ಶಿಗಳ ಹತ್ತಿರ ಕೇಳಿದರೆ ‘ಸಾಫ್ಟ್‌ವೇರ್ ಹಾಗೆ ಕೊಟ್ಟಿದೆ’ ಅಂದರು. ನಾನು ಎಲ್ಲವನ್ನೂ 173ರಿಂದ ಭಾಗಿಸಿ 100ಕ್ಕೆ ಇಳಿಸಿ ಬೋರ್ಡಿಗೆ ಅಂಟಿಸಿದೆ. ಸರಿ ತಾನೆ?

ಅಂಕಿಅಂಶ_ಹಾಸನ
ಅದು ಸರಿಯಾಗಲಿಲ್ಲ ಸರ್. ಒಂದೇ ಮನೆಯವರು ಬೋರ್‌ವೆಲ್‌ಗೂ ಟಿಕ್ ಹಾಕಿ ಟ್ಯಾಂಕರ್‌ಗೂ ಹಾಕಿದ್ದಾರೆ. ಅಲ್ಲಿ 71 ಅಂದರೆ ನೂರಕ್ಕೆ 71 ಮನೆ ಬೋರ್‌ವೆಲ್ ನೀರು ಬಳಸ್ತಾರೆ ಅಂತ. ನೀವು ಅದನ್ನು 41 ಮಾಡಿಬಿಟ್ಟಿರಿ. ಈಗ ಆ 41 ಯಾವುದರಲ್ಲಿ 41? ಮನೆಗಳಲ್ಲಲ್ಲ, ನೀರಿನಲ್ಲೂ ಅಲ್ಲ, ಟಿಕ್ ಗುರುತುಗಳಲ್ಲಿ. ಟಿಕ್ ಗುರುತು ಯಾರಿಗೆ ಬೇಕು? ಅಂಥ ಚಾರ್ಟನ್ನು ಟೇಬಲ್ ಮಾಡುವಾಗ 71, 64, 38 ಹಾಗೇ ಬರೆದು, ಒಟ್ಟಿನ ಸಾಲನ್ನೇ ಹಾಕಬಾರದು. ಮೇಲೆ ‘ಒಂದಕ್ಕಿಂತ ಜಾಸ್ತಿ ಉತ್ತರ ಕೊಡಬಹುದಿತ್ತು’ ಅಂತ ಬರೆಯಬೇಕು.

ಕರಾವಳಿಕಾಗೆ
ಓ. ಬೋರ್ಡಿನಿಂದ ತೆಗೆಯಬೇಕಾಯ್ತು ಹಾಗಾದ್ರೆ.

ಅಂಕಿಅಂಶ_ಹಾಸನ
@ಓದುಗುಬ್ಬಿ ಇನ್ನೊಂದು ತಪ್ಪಿದೆ. ಕಸ್ಟಮ್ಸ್ ಮತ್ತು ಅಬಕಾರಿ ಅದಲುಬದಲಾಗಿವೆ. ಕಸ್ಟಮ್ಸ್ 4, ಅಬಕಾರಿ 5 ಆಗಬೇಕು. ಮೇಷ್ಟ್ರು ಕ್ಷಮಿಸಿ, 100 ಬಂದರೆ ಟೇಬಲ್ ಸರಿ ಅನ್ನೋಕೆ ಬರಲ್ಲ. ನಾಲ್ಕಕ್ಕೆ ಐದು ಕೂಡಿದರೂ ಒಂಬತ್ತೇ, ಐದಕ್ಕೆ ನಾಲ್ಕು ಕೂಡಿದರೂ ಒಂಬತ್ತೇ. ಅಂಕಿ ಬಿಟ್ಟುಹೋದರೆ, ಎರಡು ಸಲ ಬಂದರೆ, 18 ಅನ್ನೋದನ್ನು 13 ಅಂತ ಓದಿದರೆ ಒಟ್ಟು ಹಿಡಿದುಕೊಡುತ್ತೆ. ಹೆಸರು ಅದಲುಬದಲಾದರೆ ಅದಕ್ಕೆ ಗೊತ್ತೇ ಆಗಲ್ಲ.

ಓದುಗುಬ್ಬಿ
ಫೋಟೊದಲ್ಲಿ ಅವೆರಡೂ ಅಕ್ಕಪಕ್ಕ ಇವೆ. ಹೆಸರು ಹೊರಗಡೆ ಬರೆದು ಸಣ್ಣ ಗೆರೆ ಎಳೆದಿದ್ದಾರೆ, ಎರಡೂ ಗೆರೆ ಹತ್ತತ್ತಿರ. ನಾನು ಮೇಲಿನ ಹೆಸರು ಮೇಲಿನ ಹೋಳಿನದ್ದು ಅಂದುಕೊಂಡೆ. ಆದರೆ ಖಚಿತವಾಗಿ ಹೇಗೆ ತಿಳಿಯೋದು?

ಲೆಕ್ಕದಮೇಷ್ಟ್ರು
ಕೋನಮಾಪಕ ಇಟ್ಟು ಅಳೆಯಿರಿ. ವೃತ್ತ ಪೂರ್ತಿ 360 ಡಿಗ್ರಿ, ಒಂದು ಪೈಸೆಗೆ 3.6 ಡಿಗ್ರಿ. 5 ಪೈಸೆಯ ಹೋಳು 18 ಡಿಗ್ರಿ, 4 ಪೈಸೆಯದು 14.4. ಶಾಲೆಯಲ್ಲಿ ಮಕ್ಕಳ ಕೈಲಿ ಇದನ್ನೇ ಮಾಡಿಸ್ತಿದ್ದೆ. ಯಾವುದು ದೊಡ್ಡದೋ ಅದು 5.

ಪುಟವಿನ್ಯಾಸ
ಮೇಷ್ಟ್ರೇ, ಪೇಪರಿನ ನಾಣ್ಯದ ಚಿತ್ರಕ್ಕೆ ಕೋನಮಾಪಕ ಇಡಬೇಡಿ. ಅಂಥವನ್ನು ಹನ್ನೆರಡು ವರ್ಷ ನಾನೇ ಮಾಡಿದ್ದೇನೆ. ಬಜೆಟ್ ದಿನ ಸಂಜೆ ಪುಟ ಕಟ್ಟುವ ಗಡಿಬಿಡಿ. ನಾಣ್ಯವನ್ನು ಓರೆಯಾಗಿ ಮಲಗಿಸಿ, ಕೆಳಗೆ ದಪ್ಪ ಅಂಚು ಕೊಟ್ಟಿರುತ್ತೇವೆ. ಮಲಗಿಸಿದಾಗ ವೃತ್ತ ಮೊಟ್ಟೆಯಾಕಾರ ಆಗುತ್ತೆ. ಎಡಬಲಕ್ಕಿರುವ ಹೋಳು ತೆಳ್ಳಗೆ, ಮುಂದೆ ಮತ್ತು ಹಿಂದೆ ಇರುವುದು ಅಗಲವಾಗಿ ಕಾಣುತ್ತೆ. ಮುಂದಿನದಕ್ಕೆ ದಪ್ಪ ಅಂಚೂ ಸೇರಿ ಇನ್ನೂ ದೊಡ್ಡದಾಗಿ ಕಾಣುತ್ತೆ. ಇದು ಸಾಲದು ಅಂತ, ಒಂದು ಪೈಸೆಯ ಹೋಳು ಕಾಣೋದೇ ಇಲ್ಲ ಅಂತ ಕೈಯಿಂದ ಸ್ವಲ್ಪ ಅಗಲ ಮಾಡಿದ್ದೂ ಉಂಟು. ತಪ್ಪು ಅಂತ ಗೊತ್ತು, ಆದರೂ ಮಾಡಿದ್ದೇನೆ. ಅಚ್ಚಾದ ಅಂಕಿಯನ್ನು ನಂಬಿ, ಹೋಳಿನ ಗಾತ್ರವನ್ನು ನಂಬಬೇಡಿ.

ಲೆಕ್ಕದಮೇಷ್ಟ್ರು
ಕೈಯಿಂದ ಅಗಲ ಮಾಡಿದಿರಾ! ಶಿವನೇ.

ಬಿಸಿಬಿಸಿಕಾಫಿ
ತನಿಖೆ ಆಗಬೇಕು 😂

ತೆರಿಗೆಪುರಾಣ
ಅದಲುಬದಲು ಆಗಿಲ್ಲ, ಓದುಗುಬ್ಬಿ ಬರೆದದ್ದೇ ಸರಿ. ಲೆಕ್ಕ ಮಾಡಿ ತೋರಿಸ್ತೀನಿ. 2025-26ರ ಬಜೆಟ್ ಅಂದಾಜಿನಲ್ಲಿ ಕಸ್ಟಮ್ಸ್ 2.40 ಲಕ್ಷ ಕೋಟಿ. ಬಜೆಟ್ ಒಟ್ಟು ಗಾತ್ರ 50.65 ಲಕ್ಷ ಕೋಟಿ. 2.40ನ್ನು 50.65ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 4.74, ಅಂದರೆ 5. ಕಸ್ಟಮ್ಸ್ 5 ಪೈಸೆ. ಹಾಸನದ ಮೇಡಂ ಸುಮ್ನೆ ಗೊಂದಲ ಮಾಡ್ತಿದ್ದಾರೆ.

ಅಂಕಿಅಂಶ_ಹಾಸನ
ಅದೇ ಲೆಕ್ಕವನ್ನು ಅಬಕಾರಿಗೂ ಮಾಡಿ ನೋಡಿ ಸರ್. 3.17 ಲಕ್ಷ ಕೋಟಿ.

ತೆರಿಗೆಪುರಾಣ
6.26. ಅಂದರೆ 6. ಹ್ಞಾಂ? ಚಾರ್ಟಿನಲ್ಲಿ 6 ಇಲ್ಲವಲ್ಲ.

ಅಂಕಿಅಂಶ_ಹಾಸನ
ಸಾಲಕ್ಕೂ ಮಾಡಿ. 15.69 ಲಕ್ಷ ಕೋಟಿ.

ತೆರಿಗೆಪುರಾಣ
ಸುಮಾರು 31! ಆದರೆ ಚಾರ್ಟಿನಲ್ಲಿ 24. ಹಾಗಾದರೆ ಪೇಪರಿನವರು ಸಾಲ ಕಡಿಮೆ ತೋರಿಸಿದ್ದಾರೆ. ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ, ಇವರೆಲ್ಲ ಸೇರಿಕೊಂಡೇ…

ಅಂಕಿಅಂಶ_ಹಾಸನ
ಯಾರೂ ಸೇರಿಕೊಂಡಿಲ್ಲ. ನೀವು ಭಾಗಿಸಿದ ಸಂಖ್ಯೆ ಬೇರೆ, ಚಿತ್ರದ ಪೂರ್ತಿ ರೂಪಾಯಿ ಬೇರೆ, ಅಷ್ಟೇ.

50.65 ಲಕ್ಷ ಕೋಟಿ ಅನ್ನೋದು ರಾಜ್ಯಗಳ ತೆರಿಗೆ ಪಾಲನ್ನು ಕೊಟ್ಟ ಮೇಲೆ ಕೇಂದ್ರದ ಕೈಯಲ್ಲಿ ಉಳಿಯುವ ಲೆಕ್ಕ. ‘ಒಂದು ರೂಪಾಯಿ’ ಚಿತ್ರದಲ್ಲಿ ಆ ಪಾಲನ್ನು ಕಳೆಯದೆ ಪೂರ್ತಿ ತೆರಿಗೆ ತಗೊಂಡಿರುತ್ತಾರೆ. ಬಜೆಟ್ ದಾಖಲೆಯಲ್ಲಿ ಆ ಚಿತ್ರದ ಕೆಳಗೆ ಚಿಕ್ಕ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ಪೇಪರಿನಲ್ಲಿ ಜಾಗ ಸಾಲದೆ ಅದು ಹಾರಿಹೋಗುತ್ತೆ.

ಒಂದೊಂದಾಗಿ ಕೂಡೋಣ. ಒಟ್ಟು ತೆರಿಗೆ 42.70, ತೆರಿಗೆಯೇತರ ಆದಾಯ 5.83, ಸಾಲೇತರ ಬಂಡವಾಳ ಸ್ವೀಕೃತಿ 0.76, ಸಾಲ 15.69. ಸೇರಿದರೆ 64.98 ಲಕ್ಷ ಕೋಟಿ. ಈ ಚಿತ್ರದ ಒಂದು ರೂಪಾಯಿ ಅಂದರೆ ಇದು. ಈಗ ಭಾಗಿಸಿ. ಸಾಲ 24.1 ಬರುತ್ತೆ, ಚಾರ್ಟಿನ 24ಕ್ಕೆ ಸರಿಹೊಂದುತ್ತೆ. ಕಸ್ಟಮ್ಸ್ 3.7, ಅಂದರೆ 4. ಅಬಕಾರಿ 4.9, ಅಂದರೆ 5. ಬಿಟ್ಟುಹೋಗಿದ್ದ ಹಳದಿ ಗೆರೆ 1.2, ಅಂದರೆ 1. ಎಂಟೂ ಹೀಗೇ ಕೂರುತ್ತವೆ.

ನಿಮ್ಮ ಲೆಕ್ಕದಲ್ಲಿ ಕಸ್ಟಮ್ಸ್ 5 ಬಂದದ್ದು ಕಾಕತಾಳೀಯ. ಒಂದೇ ಸಾಲು ನೋಡಿ ನಿಂತಿದ್ದರೆ ತಪ್ಪೇ ಗಟ್ಟಿಯಾಗಿಬಿಡ್ತಿತ್ತು. ಹಾಗಾಗಿ ನಾನು ಯಾವಾಗಲೂ ದೊಡ್ಡ ಹೋಳಿನಿಂದ ಪರೀಕ್ಷೆ ಮಾಡ್ತೀನಿ. ಭಾಜಕ ತಪ್ಪಿದ್ದರೆ ದೊಡ್ಡದರಲ್ಲಿ ಏಳು ಪೈಸೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಚಿಕ್ಕದರಲ್ಲಿ ಒಂದು ಪೈಸೆ, ಅದನ್ನು ರೌಂಡಿಂಗ್ ಅಂತ ಅಂದುಕೊಂಡುಬಿಡ್ತೀವಿ.

ತೆರಿಗೆಪುರಾಣ
ಲೆಕ್ಕ ಒಪ್ಪಿದೆ. ಆದರೂ ಸಾಮಾನ್ಯ ಜನಕ್ಕೆ 24 ಅಂತ ತೋರಿಸಿದರೆ ಸಾಲ ಕಡಿಮೆ ಅನ್ನಿಸುತ್ತೋ ಇಲ್ವೋ? ಖರ್ಚು ಮಾಡೋ ದುಡ್ಡಿನಲ್ಲಿ ಸಾಲ 31 ಅನ್ನೋದೂ ನಿಜವೇ ತಾನೆ.

ಅಂಕಿಅಂಶ_ಹಾಸನ
ನಿಜ. ಎರಡೂ ನಿಜ. ಅದಕ್ಕೇ ಟೇಬಲ್‌ನ ತಲೆಬರಹದಲ್ಲಿ ‘ಪೈಸೆ’ ಅಂತಷ್ಟೇ ಬರೆದರೆ ಸಾಲದು, ಯಾವ ರೂಪಾಯಿಯ ಪೈಸೆ ಅಂತ ಬರೆಯಬೇಕು.

ಕರಾವಳಿಕಾಗೆ
ರಾಜ್ಯಗಳ ಪಾಲಿನ ವಿಷಯ ಬಂತಲ್ಲ, ಅದರಲ್ಲಿ ಕರ್ನಾಟಕಕ್ಕೆ ಎಷ್ಟು ಅಂತ ಇನ್ನೊಂದು ಸಾಲು ಹಾಕಿ ನೋಡುವ. 15ನೇ ಹಣಕಾಸು ಆಯೋಗದಲ್ಲಿ ನಮಗೆ 3.647 ಅಂತ ಓದಿದ ನೆನಪು. 14ನೇದರಲ್ಲಿ 4.713 ಇತ್ತು, ಇಳಿಸಿದರು.

ತೆರಿಗೆಪುರಾಣ
ಇಳಿಸಿದ್ದಲ್ಲ, ಕಿತ್ತುಕೊಂಡದ್ದು!

ಬಿಸಿಬಿಸಿಕಾಫಿ
ಶುರುವಾಯ್ತು. ನಾನು ಕಾಫಿ ತಗೊಂಡು ಬರ್ತೀನಿ.

ಗೋಲಿಸೋಡ
ಆ ಜಗಳಕ್ಕೆ ಬೇರೆ ಎಳೆ ತೆಗೀರಿ ದಯವಿಟ್ಟು. ಆದರೆ ಸಾಲು ಹಾಕೋ ಪ್ರಶ್ನೆ ಚೆನ್ನಾಗಿದೆ. 3.647ನ್ನು ಅದೇ ಟೇಬಲ್‌ಗೆ ಸೇರಿಸಿದರೆ ಒಟ್ಟು 103.6 ಆಗಲ್ವಾ?

ಅಂಕಿಅಂಶ_ಹಾಸನ
ಆಗುತ್ತೆ, ಸೇರಿಸಬಾರದು. ಆ 3.647 ರೂಪಾಯಿಯ ಶೇಕಡಾ ಅಲ್ಲ. ‘ರೂಪಾಯಿ ಹೋಗುವುದು ಎಲ್ಲಿಗೆ’ ಚಿತ್ರದಲ್ಲಿ ರಾಜ್ಯಗಳ ತೆರಿಗೆ ಪಾಲು ಅಂತ 22 ಪೈಸೆಯ ಹೋಳಿದೆ. ಆ ಹೋಳಿನ ಒಳಗಿನ 3.647 ಶೇಕಡಾ ಅದು. 22ನ್ನು 0.03647ರಿಂದ ಗುಣಿಸಿದರೆ ಹತ್ತಿರ ಹತ್ತಿರ 0.8 ಪೈಸೆ. ತೋರಿಸಲೇಬೇಕು ಅಂದರೆ 22ರ ಕೆಳಗೆ ‘ಇದರಲ್ಲಿ ಕರ್ನಾಟಕ 0.8’ ಅಂತ ಒಳಸಾಲು ಮಾಡಿ, ಕೂಡುವಾಗ ಬಿಟ್ಟುಬಿಡಿ. ಪೂರ್ಣಾಂಕಕ್ಕೆ ತಂದಿರುವ 22ರಿಂದ ಲೆಕ್ಕ ಮಾಡಿದ್ದು, ಹಾಗಾಗಿ 0.80234 ಅಂತೆಲ್ಲ ಬರೆಯಬೇಡಿ.

ಕರಾವಳಿಕಾಗೆ
ಒಂದು ಪೈಸೆಯೂ ಇಲ್ವಾ! ಆಯ್ತು, ಬೇರೆ ಎಳೆಯಲ್ಲಿ ಸಿಗುವ.

ಲೆಕ್ಕದಮೇಷ್ಟ್ರು
ನನ್ನದೊಂದು ಪ್ರಶ್ನೆ. ಹೋಳು ಎಣಿಸಿದೆವು, ಹೆಸರೂ ಸರಿಯಾಗಿದೆ, ಆದರೂ ಒಟ್ಟು 99 ಅಂತಲೇ ಇಟ್ಟುಕೊಳ್ಳಿ. ಎಷ್ಟರವರೆಗೆ ರೌಂಡಿಂಗ್ ಅಂತ ಒಪ್ಪಬಹುದು?

ಅಂಕಿಅಂಶ_ಹಾಸನ
ಒಂದೊಂದು ಹೋಳು ಹೆಚ್ಚೆಂದರೆ ಅರ್ಧ ಪೈಸೆ ಆಚೀಚೆ ಆಗಿರುತ್ತೆ. ಎಂಟು ಹೋಳಿಗೆ ಲೆಕ್ಕ ಹಿಡಿದರೆ ಗರಿಷ್ಠ 4 ಪೈಸೆ. ಆದರೆ ಎಂಟೂ ಒಂದೇ ಕಡೆಗೆ ವಾಲುವುದಿಲ್ಲ. ಕೆಲವು ಮೇಲೆ, ಕೆಲವು ಕೆಳಗೆ, ಒಂದನ್ನೊಂದು ಹೊಡೆದುಹಾಕುತ್ತವೆ. ಎಂಟು ಹೋಳಿನ ಚಾರ್ಟಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಸಲ ಸರಿಯಾಗಿ 100 ಬರುತ್ತೆ, ಉಳಿದದ್ದು ಬಹುಪಾಲು 99 ಅಥವಾ 101. 98, 102 ಬಂದರೆ ನಾನು ಮತ್ತೆ ಓದ್ತೀನಿ. 96 ಬಂದರೆ ಹೋಳು ಬಿಟ್ಟಿದ್ದೇನೆ ಅಂತಲೇ ಅಂದುಕೊಳ್ತೀನಿ. ಒಂದು ದಶಾಂಶ ಕೊಟ್ಟಿರುವ ಚಾರ್ಟಾದರೆ ಇದೆಲ್ಲ ಹತ್ತು ಪಟ್ಟು ಬಿಗಿ. ಅಲ್ಲಿ 99 ಬಂದರೆ ರೌಂಡಿಂಗ್ ಮಾತೇ ಇಲ್ಲ. 99.9, 100.1 ಆದರೆ ಸರಿ.

ಗೋಲಿಸೋಡ
ನಮ್ಮ ಆಫೀಸಿನಲ್ಲಿ 99 ಇಟ್ಟರೆ ಸಾಹೇಬರು ಫೈಲ್ ವಾಪಸ್ ಕಳಿಸ್ತಾರೆ. ಅದಕ್ಕೆ ಉಳಿದ ಒಂದನ್ನು ‘ಇತರೆ’ಗೆ ಹಾಕಿ 100 ಮಾಡ್ತೀವಿ. ಯಾರಿಗೂ ತೊಂದರೆ ಆಗಿಲ್ಲ.

ಅಂಕಿಅಂಶ_ಹಾಸನ
‘ಇತರೆ’ 2 ಇದ್ದದ್ದು 3 ಆದರೆ ಅದು ಒಂದೂವರೆ ಪಟ್ಟು ಆಯಿತಲ್ಲ ಸರ್. ಮುಂದಿನ ವರ್ಷ ಯಾರೋ ನಿಮ್ಮ ಟೇಬಲ್ ಹಿಡಿದು ‘ಇತರೆ ಇಳಿದಿದೆ’ ಅಂತ ಬರೀತಾರೆ. ಅಚ್ಚಾದ ಅಂಕಿಯನ್ನು ಮುಟ್ಟಬಾರದು, ಒಟ್ಟಿನ ಜಾಗದಲ್ಲಿ 99 ಅಂತಲೇ ಬರೆಯಬೇಕು.

ಪುಟವಿನ್ಯಾಸ
ನಾನು ಗೋಲಿಸೋಡ ಕಡೆ. ಆದರೆ ‘ಇತರೆ’ಗಲ್ಲ, ಮೂಲ ದಶಾಂಶ ಸಿಕ್ಕರೆ .5ಕ್ಕೆ ಅತಿ ಹತ್ತಿರ ಬಂದು ಕೆಳಗೆ ಬಿದ್ದ ಹೋಳಿಗೆ ಆ ಒಂದನ್ನು ಕೊಡಿ. 17.48 ಇದ್ದು 17 ಆಗಿದ್ದರೆ 18 ಮಾಡಿ. ಓದುಗರು 99 ನೋಡಿದರೆ ಪತ್ರಿಕೆಗೆ ಫೋನ್ ಮಾಡ್ತಾರೆ, ಬೈಸಿಕೊಳ್ಳೋದು ನಾವು.

ಅಂಕಿಅಂಶ_ಹಾಸನ
ಚಾರ್ಟ್ ಮಾಡುವವರು ಹಾಗೆ ಮಾಡಲಿ, ಅವರ ಹತ್ತಿರ ದಶಾಂಶ ಇದೆ. ಚಾರ್ಟ್ ಓದುವವರು ಮಾಡಬಾರದು, ನಮ್ಮ ಹತ್ತಿರ ಇಲ್ಲ.

ಗೋಲಿಸೋಡ
ಸಾಹೇಬರಿಗೆ ಅದನ್ನು ಹೇಳೋರು ಯಾರು?

ಓದುಗುಬ್ಬಿ
ಟೇಬಲ್ ತಿದ್ದಿದೆ. ಎಂಟು ಸಾಲು, ಕಸ್ಟಮ್ಸ್ 4, ಅಬಕಾರಿ 5, ಒಟ್ಟು 100. ಮೇಲೆ ‘ರಾಜ್ಯಗಳ ತೆರಿಗೆ ಪಾಲೂ ಸೇರಿದ ಒಟ್ಟು ಸ್ವೀಕೃತಿಯಲ್ಲಿ’ ಅಂತ ಬರೆದೆ. ಅದೇ ಹುರುಪಿನಲ್ಲಿ ‘ಎಲ್ಲಿಗೆ ಹೋಗುತ್ತದೆ’ ಚಿತ್ರವನ್ನೂ ಹಿಡಿದೆ. ಈ ಸಲ 12 ಗಂಟೆಯಿಂದ ಟಿಕ್ ಹಾಕುತ್ತಾ ಹೋದೆ. ರಾಜ್ಯಗಳ ಪಾಲು 22, ಬಡ್ಡಿ 20, ಕೇಂದ್ರದ ಯೋಜನೆ 16, ರಕ್ಷಣೆ 8, ಕೇಂದ್ರ ಪ್ರಾಯೋಜಿತ ಯೋಜನೆ 8, ಹಣಕಾಸು ಆಯೋಗದ ವರ್ಗಾವಣೆ 8, ಸಬ್ಸಿಡಿ 6, ಪಿಂಚಣಿ 4. ಒಟ್ಟು 92. ಹೋಳು ಒಂಬತ್ತಿದೆ, ಸಾಲು ಎಂಟು. ಮತ್ತೆ ಏನೋ ಬಿಟ್ಟಿದ್ದೀನಿ 😩

ಲೆಕ್ಕದಮೇಷ್ಟ್ರು
ಬಿಟ್ಟದ್ದು 8 ಇರಬೇಕಲ್ಲಮ್ಮ. ಆಗಲೇ ಮೂರು 8 ಬರೆದಿದ್ದೀರಿ. ಇನ್ನೊಂದು 8 ನೋಡಿ ‘ಇದು ಬರೆದಾಯ್ತು’ ಅಂತ ದಾಟಿದಿರೋ ಏನೋ.

ಓದುಗುಬ್ಬಿ
ಹೌದು ಸರ್!! ‘ಇತರ ಖರ್ಚು’ 8. ಆ ಹೋಳಿನ ಮೇಲೆ ಟಿಕ್ ಇಲ್ಲ. ಈಗ 100.

ಬಿಸಿಬಿಸಿಕಾಫಿ
ನಾಲ್ಕು 8 ಇದ್ದರೆ ಒಂದು ಲಾಭ ಇದೆ, ಅದಲುಬದಲು ಮಾಡಿದರೂ ಹಾಸನದ ಮೇಡಂಗೆ ಗೊತ್ತಾಗಲ್ಲ.

ಅಂಕಿಅಂಶ_ಹಾಸನ
😄 ಆ ನಾಲ್ಕರಲ್ಲಿ ಗೊತ್ತಾಗಲ್ಲ, ಒಪ್ಪಿದೆ. ಪಿಂಚಣಿ, ಸಬ್ಸಿಡಿ ಮಾತ್ರ ಇನ್ನೊಂದು ಸಲ ಗೆರೆ ಹಿಡಿದು ನೋಡಿಬಿಡಿ.